‘ಮೇಂ ಸೇ ಏಕ್’ ಎಲ್ಲಿ ಹೋಯ್ತು?

2020ರ ಸೆಪ್ಟೆಂಬರ್. ಕೊರೊನಾ ಕಾಲ. ಕಟ್ಟೆಮಳಲವಾಡಿ ಕಡೆ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ನಮ್ಮ ವಾಟ್ಸಾಪ್ ಗುಂಪಿಗೆ ನಾವು ಒಂದು ಸುದ್ದಿ ಹಾಕಿದೆವು: ‘ಅತಿ ದೂರದ ಆಕಾಶಗಂಗೆ ಪತ್ತೆ: ಭಾರತದ ಸಾಧನೆ’. ಹತ್ತು ನಿಮಿಷಕ್ಕೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು.

‘ಏನ್ರಪ್ಪಾ, ಆಕಾಶಗಂಗೆ ಅಂದ್ರೆ ನಮ್ದೇ ಅಲ್ವಾ? ಸೂರ್ಯ, ಭೂಮಿ, ನಾನು, ನೀನು ಎಲ್ಲಾ ಇರೋದೇ ಅದ್ರೊಳಗೆ. ನಾವಿರೋ ಮನೆ ಅತಿ ದೂರ ಹೆಂಗಾಯ್ತು?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ‘ನೋಡ್ತೀವಿ ಸಾರ್’ ಅಂದು ಫೋನ್ ಇಟ್ಟೆವು. ಆಮೇಲೆ ನೋಡಿದರೆ ಒಂದಲ್ಲ, ಮೂರು ತಪ್ಪು ಆ ಒಂದು ಸಾಲಿನಲ್ಲಿದ್ದವು. ಒಂದು ನಮ್ಮದು, ಒಂದು ಪತ್ರಿಕೆಯ ಡೆಸ್ಕಿನದು, ಇನ್ನೊಂದು ಪ್ರಕಟಣೆಯಲ್ಲೇ ಇತ್ತು. ಈ ಬರಹ ಆ ಮೂರರ ಮೇಲಿನ ಜಗಳ. ಅದರಲ್ಲೂ ‘ಹೆಡ್‌ಲೈನ್ ಜನಕ್ಕೆ ತಕ್ಕಂಗೆ ಇರ್ಬೇಕು’ ಎಂಬ ಮಾತಿನ ಮೇಲೆ.

ಮೊದಲು ಆ ಸುದ್ದಿ ನಮ್ಮ ಕೈಗೆ ಬಂದ ದಾರಿ ಹೇಳಬೇಕು. ಡಿಪ್ಲೊಮಾ ಮುಗಿಸಿ ತಾಲ್ಲೂಕಿನಲ್ಲಿ ಸುದ್ದಿ ಬರೆಯುವ ನಮ್ಮಂಥವರಿಗೆ ಕಾಲಂ ಲೆಕ್ಕದಲ್ಲಿ ಬರುವ ದುಡ್ಡು ಬೈಕಿನ ಪೆಟ್ರೋಲಿಗೂ ಸಾಲದು. ಹಾಗಾಗಿ ನಮ್ಮ ಗುಂಪಿನ ಇಬ್ಬರು ಹಿಂದಿಗೆ ಅನುವಾದ ಮಾಡುವ ಕೂಲಿ ಹಿಡಿದಿದ್ದರು. ಬೆಂಗಳೂರಿನಲ್ಲಿ ಹಿಂದಿ ಪತ್ರಿಕೆಗಳು ಅಚ್ಚಾಗುತ್ತವೆ. ಅಂಗಡಿ ಬೀದಿಗಳಲ್ಲಿ, ಮಾರ್ವಾಡಿ ಮನೆಗಳಲ್ಲಿ ಓದುವವರಿದ್ದಾರೆ. ಕೇಂದ್ರ ಸರ್ಕಾರದ ಪ್ರಕಟಣೆಗಳು ಹಿಂದಿಯಲ್ಲೂ ಸಿಗುತ್ತವೆ ನಿಜ, ಆದರೆ ಆ ಕಚೇರಿ ಹಿಂದಿ ಓದುಗರ ಬಾಯಿಗೆ ಒಗ್ಗುವುದಿಲ್ಲ. ‘ಇಂಗ್ಲಿಷಿನಿಂದ ನೇರ ಪತ್ರಿಕೆ ಹಿಂದಿಗೆ ಇಳಿಸಿ ಕೊಡಿ, ಹೆಡ್‌ಲೈನೂ ನೀವೇ ಹಾಕಿ’ ಎಂಬುದು ನಮಗೆ ಬಂದ ಬೇಡಿಕೆ. ಪತ್ರಿಕೆಯ ಹೆಸರು ಬೇಡ. ಅವರೊಬ್ಬರೇ ಹಾಗೆ ಮಾಡಿದ್ದೂ ಅಲ್ಲ.

ಸೆಪ್ಟೆಂಬರ್ 1ರಂದು ಬಂದ ಪ್ರಕಟಣೆ ಆಸ್ಟ್ರೋಸ್ಯಾಟ್ ಬಗ್ಗೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಉಪಗ್ರಹ ಅದು. ಅದರೊಳಗೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೋಡುವ ಯುವಿಐಟಿ ಎಂಬ ಜೋಡಿ ದುರ್ಬೀನು ಇದೆ. ಅದನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅದು ಕೂಡಿಸಿದ ಮಾಹಿತಿಯನ್ನು ಇಟ್ಟುಕೊಂಡಿರುವುದು ಬಿಡದಿ ಹತ್ತಿರದ ಬ್ಯಾಲಾಳುವಿನಲ್ಲಿ. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ಅವರ ತಂಡ ಇದೇ ದುರ್ಬೀನು ಬಳಸಿ ಒಂದು ದೂರದ ಗೆಲಾಕ್ಸಿಯಿಂದ ಬಂದ ಬೆಳಕನ್ನು ಹಿಡಿದಿತ್ತು. ಆ ಗೆಲಾಕ್ಸಿಗೆ ಎಯುಡಿಎಫ್‌ಎಸ್01 ಎಂದು ಹೆಸರು. ಲೇಖನ ಆಗಸ್ಟ್ ಕೊನೆಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂದಿತ್ತು.

ಪ್ರಕಟಣೆಯ ಮೊದಲ ಸಾಲು ಏನು ಹೇಳಿತ್ತು ಅಂದರೆ, ಭಾರತದ ಖಗೋಳ ವಿಜ್ಞಾನಿಗಳು ವಿಶ್ವದ ಅತಿ ದೂರದ ಗೆಲಾಕ್ಸಿಗಳಲ್ಲಿ ಒಂದನ್ನು ಕಂಡುಹಿಡಿದಿದ್ದಾರೆ ಎಂದು. ಆಮೇಲೆ ಹೆಮ್ಮೆಪಟ್ಟ ಕೇಂದ್ರ ಸಚಿವರ ಮಾತು. ಆಮೇಲೆ 9.3 ಬಿಲಿಯನ್ ಜ್ಯೋತಿರ್ವರ್ಷ ದೂರದಿಂದ ಬಂದ ನೇರಳಾತೀತ ಬೆಳಕಿನ ವಿಷಯ. ಅಂದರೆ ನಿಜವಾದ ಸುದ್ದಿ ಮೊದಲ ಸಾಲಿನಲ್ಲಿ ಇರಲೇ ಇಲ್ಲ. ಅದು ಆಗ ನಮಗೆ ಗೊತ್ತಾಗಲಿಲ್ಲ.

ಅಕ್ಷರಕ್ಕೆ ಅಕ್ಷರ ಇಳಿಸಿದರೆ ಹಿಂದಿ ಶೀರ್ಷಿಕೆ ಹೀಗಾಗುತ್ತದೆ: ‘ಭಾರತೀಯ್ ಖಗೋಲ್‌ವಿದೋಂ ನೇ ಬ್ರಹ್ಮಾಂಡ್ ಕೀ ಸಬ್ಸೇ ದೂರ್ ಸ್ಥಿತ್ ಆಕಾಶ್‌ಗಂಗಾಓಂ ಮೇಂ ಸೇ ಏಕ್ ಕೀ ಖೋಜ್ ಕೀ’. ಇದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಉದ್ದ, ಉಸಿರು ಕಟ್ಟುತ್ತದೆ. ಹಿಂದಿ ಪತ್ರಿಕೆಗಳಿಗೆ ಒಂದು ರೂಢಿ ಇದೆ: ವಾಕ್ಯದ ಕೊನೆಗೆ ಬರಬೇಕಾದ ಕ್ರಿಯಾಪದವನ್ನು ಎಳೆದು ನಡುವೆ ತರುತ್ತಾರೆ, ಬೆಲೆ ಬಾಳುವ ಪದವನ್ನು ಕೊನೆಗೆ ಇಡುತ್ತಾರೆ. ‘ಪುಲೀಸ್ ನೇ ಪಕಡೇ ದೋ ಚೋರ್’ ಅನ್ನುವ ಹಾಗೆ. ನಾವು ಕನ್ನಡದಲ್ಲಿ ಬೇರೆ ದಾರಿ ಹಿಡಿಯುತ್ತೇವೆ, ಕ್ರಿಯಾಪದವನ್ನೇ ಕಿತ್ತು ‘ಪತ್ತೆ’, ‘ಸೆರೆ’, ‘ಸಾವು’ ಅಂತ ನಿಲ್ಲಿಸುತ್ತೇವೆ. ಹಿಂದಿಯಲ್ಲಿ ಇನ್ನೂ ಒಂದು ಕಾಟ ಇದೆ, ಕ್ರಿಯಾಪದ ಮುಂದೆ ಬರುವ ನಾಮಪದದ ಲಿಂಗ ನೋಡಿ ಬದಲಾಗುತ್ತದೆ. ಆಕಾಶ್‌ಗಂಗಾ ಸ್ತ್ರೀಲಿಂಗ, ಹಾಗಾಗಿ ‘ಖೋಜಾ’ ಅಲ್ಲ, ‘ಖೋಜೀ’. ಕನ್ನಡದವರು ಎಡವುವುದೇ ಇಲ್ಲಿ ಎಂದು ಇದರ ಮೇಲೆ ಕಣ್ಣಿಟ್ಟು ಕೂತಿದ್ದೆವು. ದೊಡ್ಡ ಗುಂಡಿ ಬೇರೆ ಕಡೆ ಇತ್ತು.

ನಾವು ಕಳಿಸಿದ್ದು: ‘ಭಾರತ್ ನೇ ಖೋಜೀ ಸಬ್ಸೇ ದೂರ್ ಕೀ ಆಕಾಶ್‌ಗಂಗಾಓಂ ಮೇಂ ಸೇ ಏಕ್’. ಡೆಸ್ಕಿನವರು ಹಾಕಿದ್ದು: ‘ಭಾರತ್ ನೇ ಖೋಜೀ ಸಬ್ಸೇ ದೂರ್ ಕೀ ಆಕಾಶ್‌ಗಂಗಾ’. ಏಳೇ ಪದ, ನೋಡಲು ಚೆಂದ, ಓದಲು ಚೆಂದ. ‘ಮೇಂ ಸೇ ಏಕ್’ ಎಂಬ ಮೂರು ಸಣ್ಣ ಪದ ಮಾತ್ರ ಬಿದ್ದು ಹೋಗಿತ್ತು. ಕನ್ನಡದಲ್ಲಿ ಅದಕ್ಕೆ ‘ಗಳಲ್ಲಿ ಒಂದು’ ಎನ್ನುತ್ತೇವೆ. ಅದು ಬಿದ್ದ ತಕ್ಷಣ ‘ಅತಿ ದೂರದವುಗಳಲ್ಲಿ ಒಂದು’ ಹೋಗಿ ‘ಎಲ್ಲಕ್ಕಿಂತ ದೂರದ್ದು’ ಆಯಿತು.

ಇದು ಎಷ್ಟು ಸುಳ್ಳು ಅಂದರೆ, ಅದಕ್ಕೂ ನಾಲ್ಕು ವರ್ಷ ಮೊದಲು, 2016ರಲ್ಲೇ, ಹಬಲ್ ದುರ್ಬೀನು ಜಿಎನ್-ಝಡ್11 ಎಂಬ ಗೆಲಾಕ್ಸಿಯನ್ನು ಗುರುತಿಸಿತ್ತು. ಅದರ ಬೆಳಕು ಹೊರಟು ಸುಮಾರು 1340 ಕೋಟಿ ವರ್ಷ. ನಮ್ಮ ಎಯುಡಿಎಫ್‌ಎಸ್01ದು 930 ಕೋಟಿ ವರ್ಷ. ವಿಶ್ವಕ್ಕೇ ಆಗಿರುವ ವಯಸ್ಸು ಸುಮಾರು 1380 ಕೋಟಿ. ಅಂದಮೇಲೆ ‘ಗಳಲ್ಲಿ ಒಂದು’ ಎಂದು ಸೇರಿಸಿದರೂ ಪ್ರಕಟಣೆಯ ಮಾತು ಉಳಿಯುವುದಿಲ್ಲ. ಅದಕ್ಕಿಂತ ದೂರದವು ಆಗಲೇ ಎಷ್ಟೋ ಗೊತ್ತಿದ್ದವು. ‘ಕಂಡುಹಿಡಿದರು’ ಅನ್ನುವುದೂ ನಿಲ್ಲದು. ಆಕಾಶದ ಆ ತುಂಡನ್ನು ಹಬಲ್ ಮೊದಲೇ ದಿನಗಟ್ಟಲೆ ಫೋಟೊ ತೆಗೆದಿತ್ತು, ಗೆಲಾಕ್ಸಿ ಆ ಫೋಟೊದಲ್ಲಿ ಇತ್ತು.

ಹಾಗಾದರೆ ಕಂಡುಹಿಡಿದದ್ದು ಏನು? ಅದು ಇನ್ನೂ ದೊಡ್ಡ ವಿಷಯ, ಅದನ್ನು ಮುಚ್ಚಿಟ್ಟು ಜನರಿಗೆ ಸಣ್ಣ ಸುಳ್ಳು ಕೊಟ್ಟರಲ್ಲ ಎಂಬುದೇ ನಮ್ಮ ಸಿಟ್ಟು.

ನಮ್ಮೂರಿನ ಬ್ಯಾರನ್ನನ್ನೇ ತೆಗೆದುಕೊಳ್ಳಿ. ಒಳಗೆ ಒಲೆ ಉರಿಯುತ್ತದೆ, ಗೋಡೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ನಿಂತವನಿಗೆ ಒಳಗಿನ ಶಾಖ ಮುಟ್ಟಬೇಕಾದರೆ ಎಲ್ಲೋ ಬಿರುಕು ಇರಬೇಕು, ಇಲ್ಲ ಬಾಗಿಲು ಸರಿಯಾಗಿ ಕೂತಿರಬಾರದು. ಗೆಲಾಕ್ಸಿಯೂ ಹೀಗೆ. ಒಳಗೆ ಹೊಸ ನಕ್ಷತ್ರಗಳು ಬಹಳ ಕಸುವಿನ ನೇರಳಾತೀತ ಬೆಳಕು ಕಾರುತ್ತವೆ. ಆದರೆ ಅವುಗಳ ಸುತ್ತ ಇರುವ ಜಲಜನಕದ ಅನಿಲ ಆ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಆ ಬೆಳಕು ಗೆಲಾಕ್ಸಿ ಬಿಟ್ಟು ಹೊರಗೆ ಬರುವುದೇ ಅಪರೂಪ. ಎಯುಡಿಎಫ್‌ಎಸ್01ರಿಂದ ಅದು ಸೋರುತ್ತಿತ್ತು. ಅಂದಾಜಿನ ಪ್ರಕಾರ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ. ಸೋರುವುದನ್ನು ಹಿಡಿದದ್ದೇ ಸುದ್ದಿ.

ಸೋರಿದರೆ ಏನಾಯಿತು ಎಂದು ಕೇಳಬಹುದು. ವಿಶ್ವದ ಬಾಲ್ಯದಲ್ಲಿ ಎಲ್ಲೆಲ್ಲೂ ಜಲಜನಕದ ಮಬ್ಬು ತುಂಬಿತ್ತು, ಮಾಗಿಯ ಬೆಳಿಗ್ಗೆ ಲಕ್ಷ್ಮಣತೀರ್ಥದ ಮೇಲೆ ಮಂಜು ಕೂತ ಹಾಗೆ. ಆ ಮಂಜು ಕರಗಿದ್ದು ಇಂಥದೇ ಕಸುವಿನ ಬೆಳಕು ಗೆಲಾಕ್ಸಿಗಳಿಂದ ಹೊರಗೆ ಸೋರಿ ಬಂದಿದ್ದರಿಂದ ಎಂದು ವಿಜ್ಞಾನಿಗಳು ನಂಬುತ್ತಾರೆ. ಯಾವ ಬಗೆಯ ಗೆಲಾಕ್ಸಿ, ಎಷ್ಟು ಸೋರಿಕೆ ಎಂಬುದು ಇನ್ನೂ ಬಗೆಹರಿಯಬೇಕು. ಈ ಗೆಲಾಕ್ಸಿಯ ಕಾಲಕ್ಕೆ ಮಂಜು ಕರಗಿ ಆಗಲೇ ಬಹುಕಾಲವಾಗಿತ್ತು. ಹಾಗಾಗಿ ಇದು ಒಂದು ಮಾದರಿ ಅಷ್ಟೇ, ಪೂರ್ತಿ ಉತ್ತರ ಅಲ್ಲ. ‘ವಿಶ್ವದ ಹುಟ್ಟಿನ ಗುಟ್ಟು ರಟ್ಟು’ ಅಂತ ಹಾಕಿದರೆ ಅದೂ ಸುಳ್ಳೇ.

ಇನ್ನೊಂದು ವಿಷಯಕ್ಕಂತೂ ನಮಗೆ ಮೈ ಜುಮ್ಮೆಂದಿತು. ಹಬಲ್‌ನ ಕನ್ನಡಿ 2.4 ಮೀಟರ್ ಅಗಲ. ಯುವಿಐಟಿಯ ಒಂದೊಂದು ಕೊಳವೆಯದು 37.5 ಸೆಂಟಿಮೀಟರ್, ಮನೆಯ ದೊಡ್ಡ ಊಟದ ತಟ್ಟೆಗಿಂತ ಒಂದಿಷ್ಟು ಅಗಲ. ಆದರೂ ಹಬಲ್‌ಗೆ ಸಿಗದ ಬೆಳಕು ಇದಕ್ಕೆ ಸಿಕ್ಕಿತು, ಏಕೆಂದರೆ ಇದರ ಬೆಳಕು ಹಿಡಿಯುವ ಸಾಧನದಲ್ಲಿ ತನ್ನದೇ ಗಲಾಟೆ ಕಡಿಮೆ. ಸಂತೆಯಲ್ಲಿ ನಿಂತರೆ ಪಿಸುಮಾತು ಕೇಳದು, ಹೊಲದ ನಡುವೆ ನಿಂತರೆ ಕೇಳುತ್ತದೆ, ಹಾಗೆ. 2016ರ ಅಕ್ಟೋಬರ್‌ನಲ್ಲಿ 28 ಗಂಟೆಗೂ ಹೆಚ್ಚು ಅದನ್ನೇ ನೋಡಿದರು. ಆ ಬೆಳಕು ನಿಜಕ್ಕೂ ಆ ಗೆಲಾಕ್ಸಿಯದೇ, ಬೇರೆ ಕಡೆಯದು ಬೆರೆತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸುಮಾರು ಎರಡು ವರ್ಷ ಕೂತರು. ಎರಡು ವರ್ಷ ಕೂತು ತೂಗಿದ ಮಾತನ್ನು ನಾವು ಎರಡು ನಿಮಿಷದಲ್ಲಿ ಕೆಡಿಸಿದೆವು.

ಈಗ ನಮ್ಮದೇ ತಪ್ಪಿಗೆ ಬರೋಣ. ಹಿಂದಿ ಪತ್ರಿಕೆಗಳಲ್ಲಿ ಯಾವ ಗೆಲಾಕ್ಸಿಯನ್ನಾದರೂ ‘ಆಕಾಶ್‌ಗಂಗಾ’ ಅನ್ನುವ ರೂಢಿ ಇದೆ. ‘ಮಂದಾಕಿನೀ’ ಎಂಬ ಪದವೂ ಉಂಟು, ಆದರೆ ಕೇದಾರನಾಥಕ್ಕೆ ಹೋಗಿಬಂದ ಓದುಗರಿಗೆ ಅದು ನದಿ. ಕನ್ನಡದಲ್ಲಿ ಆಕಾಶಗಂಗೆ ಎಂದರೆ ನಮ್ಮ ಗೆಲಾಕ್ಸಿ ಮಾತ್ರ, ರಾತ್ರಿ ಅಂಗಳದಲ್ಲಿ ಮಲಗಿದರೆ ಕಾಣುವ ಬಿಳಿ ಪಟ್ಟೆ. ಉಳಿದವಕ್ಕೆ ನಕ್ಷತ್ರಪುಂಜ ಎನ್ನುತ್ತೇವೆ, ಇಲ್ಲ ಗೆಲಾಕ್ಸಿ. ನಾವು ಇಂಗ್ಲಿಷಿನಿಂದ ಹಿಂದಿ ಮಾಡಿ, ದುಡ್ಡಿನ ಕೆಲಸ ಮುಗಿಯಿತೆಂದು, ಅದೇ ಹಿಂದಿಯಿಂದ ಊರಿನವರಿಗೆ ಕನ್ನಡ ಮಾಡಿದ್ದೆವು. ಪದ ಒಂದೇ ಥರ ಕಂಡಿದ್ದರಿಂದ ಹಾಗೇ ಇಳಿಯಿತು. ಮೇಷ್ಟ್ರು ಹಿಡಿದದ್ದು ಇದನ್ನೇ. ಒಂದು ಪದ ಎರಡೂ ಭಾಷೆಯಲ್ಲಿ ಇದೆ ಎಂದ ಕೂಡಲೇ ಎಚ್ಚರವಾಗಬೇಕಿತ್ತು. ಪ್ರಕಟಣೆಯಲ್ಲಿದ್ದ ‘ಎಕ್ಸ್‌ಟ್ರೀಮ್’ ಪದಕ್ಕೆ ಹಿಂದಿಯಲ್ಲಿ ‘ಚರಮ್’ ಎನ್ನುತ್ತಾರೆ. ಅದನ್ನೂ ಹಾಗೇ ಇಳಿಸಿದ್ದರೆ ಕನ್ನಡದಲ್ಲಿ ಚರಮಗೀತೆ ಹಾಡಬೇಕಿತ್ತು!

ಲೆಕ್ಕದ ವಿಷಯವೂ ಇದೆ. 9.3 ಬಿಲಿಯನ್ ಹಿಂದಿಯಲ್ಲಿ ಸಲೀಸಾಗಿ 9.3 ಅರಬ್ ಆಗುತ್ತದೆ, ಒಂದು ಬಿಲಿಯನ್ನೂ ಒಂದು ಅರಬ್ಬೂ ಒಂದೇ. ಕನ್ನಡ ಓದುಗನಿಗೆ ಅರಬ್ ಅಂದರೆ ದುಬೈ ಕಡೆ. ನಮ್ಮಲ್ಲಿ ಅದು 930 ಕೋಟಿ. ಅವಸರದಲ್ಲಿ ಬಿಲಿಯನ್ ಅನ್ನು ಕೋಟಿ ಎಂದು ಬರೆದರೆ 9.3 ಕೋಟಿ ಆಗುತ್ತದೆ, ನೂರು ಪಟ್ಟು ಕಡಿಮೆ. ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. 9.3 ಕೋಟಿ ವರ್ಷದ ಹಿಂದೆ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು. 930 ಕೋಟಿ ವರ್ಷದ ಹಿಂದೆ ಭೂಮಿಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ, ಅವು ಹುಟ್ಟಿ ಸುಮಾರು 450 ಕೋಟಿ ವರ್ಷ ಅಷ್ಟೇ. ಬರೆದ ಸಂಖ್ಯೆಯನ್ನು ಗೊತ್ತಿರುವ ಒಂದು ಸಂಗತಿಯ ಪಕ್ಕ ಇಟ್ಟು ನೋಡಿದರೆ ಸೊನ್ನೆ ಕಳೆದುಹೋಗಿದ್ದು ತಾನೇ ಕಾಣುತ್ತದೆ.

ಜ್ಯೋತಿರ್ವರ್ಷ ದೂರದ ಅಳತೆ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ‘ಜ್ಯೋತಿರ್ವರ್ಷಗಳ ಹಿಂದೆ’ ಎಂದು ಬರೆಯುವವರು ‘ಹತ್ತು ಮೈಲಿ ಹಿಂದೆ ನನ್ನ ಮದುವೆ ಆಯ್ತು’ ಅಂದಂತೆ ಬರೆಯುತ್ತಾರೆ. ಇಲ್ಲಿ ಇನ್ನೂ ಒಂದು ತೊಡಕಿದೆ. ಆ ಬೆಳಕು 930 ಕೋಟಿ ವರ್ಷ ಪ್ರಯಾಣ ಮಾಡುತ್ತಿರುವಾಗ ವಿಶ್ವ ಹಿಗ್ಗುತ್ತಲೇ ಇತ್ತು, ಗೆಲಾಕ್ಸಿ ಈಗ ಅದಕ್ಕಿಂತ ದೂರ ಹೋಗಿದೆ. ಹಾಗಾಗಿ ಶೀರ್ಷಿಕೆಯಲ್ಲಿ ದೂರ ಹೇಳುವುದಕ್ಕಿಂತ ಬೆಳಕಿನ ವಯಸ್ಸು ಹೇಳುವುದು ಕ್ಷೇಮ. ವಯಸ್ಸಿನಲ್ಲಿ ತಕರಾರಿಲ್ಲ.

ಇದೆಲ್ಲ ಕೂಡಿಸಿ, ಮೇಷ್ಟ್ರು ಬೈದ ವಾರ ನಾವು ಹಿಂದಿ ಶೀರ್ಷಿಕೆಯನ್ನು ಮತ್ತೆ ಮಾಡಿದೆವು. ‘ಆಸ್ಟ್ರೋಸ್ಯಾಟ್ ನೇ ಪಕಡೀ 9.3 ಅರಬ್ ಸಾಲ್ ಪುರಾನೀ ರೋಶ್ನೀ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಜೋ ಹಬಲ್ ಭೀ ನಹೀಂ ದೇಖ್ ಪಾಯಾ’. ‘ಖೋಜೀ’ ಬದಲು ‘ಪಕಡೀ’ ಏಕೆ? ಖೋಜ್ ಅಂದರೆ ಹುಡುಕುವುದೂ ಹೌದು, ಕಂಡುಹಿಡಿಯುವುದೂ ಹೌದು. ಗೆಲಾಕ್ಸಿಯ ಮುಂದೆ ಅದನ್ನು ಇಟ್ಟರೆ ಗೆಲಾಕ್ಸಿಯೇ ಹೊಸದು ಎಂಬ ಅರ್ಥ ಬರುತ್ತದೆ. ಪಕಡೀ ಅಂದರೆ ಹಿಡಿಯಿತು. ಯಂತ್ರ ಮಾಡಿದ್ದು ಅದನ್ನೇ. ರೋಶ್ನೀ ಬೀದಿಯ ಮಾತು, ಪ್ರಕಾಶ್ ಪಾಠಪುಸ್ತಕದ್ದು. ಕ್ರಿಯಾಪದ ನಡುವೆ ಬಂತು, ಬೆಲೆಯ ಪದ ಕೊನೆಗೆ ಬಂತು, ಪತ್ರಿಕೆಯ ಧಾಟಿ ಪೂರ್ತಿ ಉಳಿಯಿತು. ಡೆಸ್ಕಿನ ಶೀರ್ಷಿಕೆಗಿಂತ ಒಂದೇ ಪದ ಹೆಚ್ಚು, ಎಣಿಸಿ ನೋಡಿ.

ಇದನ್ನು ಕಳಿಸಿದಾಗ ಬಂದ ಉತ್ತರ ಹೀಗಿತ್ತು: ‘ಅಷ್ಟು ಬಾರೀಕ್ ಓದುಗನಿಗೆ ಬೇಡ. ಭಾರತ ಅಂತ ಇರಬೇಕು, ಸಬ್ಸೇ ಅಂತ ಇರಬೇಕು. ಹಳ್ಳಿಯವನು, ಅಂಗಡಿಯವನು ಓದೋದು’. ಒಬ್ಬ ಸಂಪಾದಕರ ಮಾತಲ್ಲ ಇದು. ಕನ್ನಡ ಡೆಸ್ಕುಗಳಲ್ಲೂ ನಾವು ಕೇಳಿಸಿಕೊಂಡಿದ್ದೇವೆ, ಟಿವಿಯವರಂತೂ ಇದನ್ನೇ ಮಂತ್ರ ಮಾಡಿಕೊಂಡಿದ್ದಾರೆ.

ಹಳ್ಳಿಯವನಿಗೆ ಬಾರೀಕು ಬೇಡವೇ? ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಒಂದು ದಿನ ಬಂದು ನಿಲ್ಲಲಿ. ಬೇಲಿನ ಮೇಲೆ ಗ್ರೇಡ್ ಬರೆಯುತ್ತಾರೆ. ಎಲೆಯ ಬಣ್ಣ ಒಂದು ಛಾಯೆ ಹೆಚ್ಚುಕಮ್ಮಿ ಆದರೆ ಗ್ರೇಡ್ ಬದಲಾಗುತ್ತದೆ, ಕೆಜಿಗೆ ಸಿಗುವ ದುಡ್ಡು ಬದಲಾಗುತ್ತದೆ. ‘ಒಳ್ಳೆ ಸೊಪ್ಪುಗಳಲ್ಲಿ ಒಂದು’ ಮತ್ತು ‘ಎಲ್ಲಕ್ಕಿಂತ ಒಳ್ಳೆ ಸೊಪ್ಪು’ ಇವೆರಡರ ನಡುವಿನ ಅಂತರದಲ್ಲೇ ಒಂದು ಮನೆಯ ವರ್ಷದ ಸಾಲ ತೀರುವುದೋ ಉಳಿಯುವುದೋ ನಿಂತಿರುತ್ತದೆ. ಅಲ್ಲಿ ಗ್ರೇಡು ತಪ್ಪು ಬರೆದರೆ ‘ಜನಕ್ಕೆ ತಕ್ಕಂಗೆ ಬರೆದೆ’ ಅಂದರೆ ರೈತರು ಸುಮ್ಮನೆ ಬಿಡುತ್ತಾರೆಯೇ? ನಮ್ಮ ಓದುಗರ ಬಾರೀಕು ಅಷ್ಟಿದೆ. ಮೇಷ್ಟ್ರಿಗೆ ಹತ್ತು ನಿಮಿಷ ಸಾಕಾಯಿತು.

ಶೀರ್ಷಿಕೆಯನ್ನು ಓದುಗನಿಗೆ ತಕ್ಕಂತೆ ತಿದ್ದಬಾರದು ಎಂದು ನಾವು ಹೇಳುತ್ತಿಲ್ಲ. ತಿದ್ದಲೇಬೇಕು. ಪದದ ಜಾಗ ಬದಲಿಸಿ, ಕಚೇರಿ ಪದ ಕಿತ್ತು ಬೀದಿಯ ಪದ ಹಾಕಿ, ಬಿಲಿಯನ್ ಅನ್ನು ಕೋಟಿ ಮಾಡಿ, ಸಚಿವರನ್ನು ಆರನೇ ಸಾಲಿಗೆ ಕಳಿಸಿ, ಸಾಹಾ ಅವರ ತಂಡವನ್ನು ಮೇಲಕ್ಕೆ ತನ್ನಿ. ಇದೆಲ್ಲ ತಿದ್ದುಪಡಿ. ‘ಗಳಲ್ಲಿ ಒಂದು’ ತೆಗೆಯುವುದು ತಿದ್ದುಪಡಿ ಅಲ್ಲ, ಸುದ್ದಿಯನ್ನೇ ಬದಲಿಸುವುದು. ಪ್ರಕಟಣೆಯ ಮೊದಲ ಸಾಲನ್ನು ನಂಬಿ ಕೂರುವುದೂ ನಮ್ಮ ಕಸುಬಲ್ಲ. ಅದು ಸರ್ಕಾರದ ಹೆಮ್ಮೆಗೆ ಬರೆದ ಸಾಲು. ಕೆಳಗೆ ಇಳಿದು ಓದಿದ್ದರೆ ನೇರಳಾತೀತ ಬೆಳಕು, ಹಬಲ್, 28 ಗಂಟೆ ಎಲ್ಲ ಅಲ್ಲೇ ಇದ್ದವು. ಲೇಖನದ ಹೆಸರಿನಲ್ಲೇ ‘ಡಿಟೆಕ್ಷನ್’ ಎಂಬ ಪದ, ಅಂದರೆ ಹಿಡಿದದ್ದು, ಕುಳಿತಿತ್ತು. ಅದರಲ್ಲಿ ‘ಅತಿ ದೂರ’ ಎಂಬ ಮಾತೇ ಇಲ್ಲ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಸರಿಯಾಗದು. 1963ರ ಅಧಿಕೃತ ಭಾಷೆಗಳ ಕಾಯ್ದೆಯ 3(3)ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಇರಬೇಕು. ಹೊಸಕೋಟೆಯಲ್ಲಿ ಜೋಡಿಸಿದ ದುರ್ಬೀನಿನ ಸುದ್ದಿ ಹಿಂದಿಯಲ್ಲಿ ಬರುವುದು ಕಾನೂನು, ಕನ್ನಡದಲ್ಲಿ ಬಂದರೆ ಅದು ದಯೆ. ಹಾಗಾಗಿ ಹಿಂದಿಯಲ್ಲಿ ಒಮ್ಮೆ ಕೆಟ್ಟ ಶೀರ್ಷಿಕೆ ಅಲ್ಲಿಗೆ ನಿಲ್ಲುವುದಿಲ್ಲ. ಅದನ್ನು ನೋಡಿ ಕನ್ನಡ ಮಾಡುವವರಿದ್ದಾರೆ, ನಾವೇ ಮಾಡಿದ್ದೆವು. ಹಿಂದಿ ಓದುವ ಬಿಹಾರದ ಹಳ್ಳಿಯವನಿಗೂ ನಮಗೂ ಇದರಲ್ಲಿ ಒಂದೇ ನಷ್ಟ. ಅವನಿಗೆ ಕಚೇರಿ ಹಿಂದಿ ಇಲ್ಲವೇ ಸುಳ್ಳು ‘ಸಬ್ಸೇ’, ನಮಗೆ ಅದರ ನೆರಳು.

ಆ ಪತ್ರಿಕೆ ತಿದ್ದುಪಡಿ ಹಾಕಲಿಲ್ಲ. ನಾವು ನಮ್ಮ ಗುಂಪಿನಲ್ಲಿ ಹಾಕಿದೆವು: ‘930 ಕೋಟಿ ವರ್ಷ ಹಳೆಯ ಬೆಳಕು ಹಿಡಿದ ಆಸ್ಟ್ರೋಸ್ಯಾಟ್. ನಿನ್ನೆ ಮೊನ್ನೆ ನಾವು ಹಾಕಿದ್ದ ಶೀರ್ಷಿಕೆ ತಪ್ಪು: ಅದು ನಮ್ಮ ಆಕಾಶಗಂಗೆ ಅಲ್ಲ, ಅತಿ ದೂರದ್ದೂ ಅಲ್ಲ, ಹೊಸದಾಗಿ ಸಿಕ್ಕಿದ್ದೂ ಅಲ್ಲ’. ಜೊತೆಗೆ ಬ್ಯಾರನ್ ಬಿರುಕಿನ ವಿವರಣೆ. ಸಂಜೆ ಮೇಷ್ಟ್ರ ಫೋನ್ ಮತ್ತೆ ಬಂತು.

‘ಈಗ ಸರಿಯಾಯ್ತು. ಅದ್ಸರಿ, ಆ ಗೋಡೆ ಬಿರುಕು ಬಿಟ್ಟಿದ್ದು ಹೆಂಗೆ ಅಂತ ಬರ್ದಿಲ್ವಲ್ಲಾ?’